ಗುತ್ತಿಗೆದಾರರಿಗೆ ಬರೆದ ಎರಡನೆಯ ಕಾಗದ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಎರಡೂ ಕಷ್ಟವೆಂಬುದು ನಿಜವೇ. ಆದರೆ ಈ ಎರಡಕ್ಕೂ ಇರುವ ಒಂದು ಭೇದವನ್ನು ಗಾದೆ ಹೇಳುವುದಿಲ್ಲ. ಮದುವೆಗೆ ಲಗ್ನವೊಂದಿದೆ, ಅಡಿಗೆಯವನು ಬರಲಿ, ಬಿಡಲಿ, ಗಂಡಿನ ಸೋದರಮಾವ ಮುನಿಸಿಕೊಳ್ಳಲಿ, ಬಿಡಲಿ, ಆ ಘಳಿಗೆಗೆ ಮಾಂಗಲ್ಯಧಾರಣೆ ನಡೆದೇ ತೀರುತ್ತದೆ. ಮನೆಗೆ ಅಂಥ ಘಳಿಗೆ ಇಲ್ಲ. ಗುದ್ದಲಿಪೂಜೆಗೆ ಮುಹೂರ್ತ ಉಂಟು, ಗೃಹಪ್ರವೇಶಕ್ಕೂ ಉಂಟು. ಇವೆರಡರ ನಡುವಣ ಕಾಲಕ್ಕೆ ಮಾತ್ರ ಯಾವ ಪಂಚಾಂಗವೂ ಇಲ್ಲ. ಆ ಪಂಚಾಂಗವನ್ನು ಮನೆ ಕಟ್ಟಿಸುವವನೂ ಕಟ್ಟುವವನೂ ಕೂಡಿ ಬರೆದುಕೊಳ್ಳಬೇಕು. ಈ ಮಾತು ನನಗೆ ತಿಳಿದದ್ದು ತಡವಾಗಿ. ತಿಳಿದ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಮಲೆನಾಡಿನ ನಮ್ಮ ಊರಿನಲ್ಲಿ ಮೂವತ್ತು ನಲವತ್ತಡಿಯ ನಿವೇಶನವೊಂದಿತ್ತು. ಅದರಲ್ಲಿ ಒಂದೇ ಅಂತಸ್ತಿನ, ೧,೦೫೦ ಚದರಡಿಯ ಮನೆಯನ್ನು ಕಟ್ಟಿಕೊಡುವುದಾಗಿ ಊರಿನ ಗುತ್ತಿಗೆದಾರರೊಬ್ಬರು ೨೦೨೪ನೆಯ ಜನವರಿಯಲ್ಲಿ ಒಪ್ಪಿಕೊಂಡರು. ಸಾಮಾನೂ ಕೂಲಿಯೂ ಅವರದೇ. ಚದರಡಿಗೆ ಎರಡು ಸಾವಿರದಂತೆ ಒಟ್ಟು ೨೧ ಲಕ್ಷ ರೂಪಾಯಿ. ಅಕ್ಟೋಬರ್ ೩೧ಕ್ಕೆ ಬೀಗದ ಕೈ. ತಳಪಾಯ, ಗೋಡೆ, ತಾರಸಿ ಎಲ್ಲವೂ ಹೇಳಿದ ಹೊತ್ತಿಗೆ ಆದವು. ಮೇ ೨೦ರಂದು ತಾರಸಿಗೆ ಕಾಂಕ್ರೀಟು ಬಿತ್ತು. ಆ ಸಂಜೆ ನಾನು ಮನೆ ಮುಗಿಯಿತೆಂದೇ ತಿಳಿದು ಕೆಲಸದವರಿಗೆಲ್ಲ ಸಿಹಿ ಹಂಚಿದೆ. ತಾರಸಿ ಬಿದ್ದ ದಿನ ಮನೆ ಮುಗಿಯುವುದಿಲ್ಲ. ಕಷ್ಟ ಆರಂಭವಾಗುವುದೇ ಅಂದು.

ಆಗ ನಾವು ಇದ್ದದ್ದು ಬಾಡಿಗೆಯ ಮನೆಯ ಮೊದಲನೆಯ ಮಹಡಿಯಲ್ಲಿ. ಕೆಳಗಿಳಿಯಲು ಹದಿನೆಂಟು ಮೆಟ್ಟಿಲು. ನನ್ನ ತಾಯಿಗೆ ಎಂಬತ್ತೇಳು ವರ್ಷ. ಅವರು ಆ ಮೆಟ್ಟಿಲುಗಳನ್ನು ಹತ್ತಿ ಬಂದದ್ದು ಒಮ್ಮೆ. ಇಳಿದು ಹೋಗುವುದು ಹೊಸಮನೆಗೇ ಎಂದು ನಿಶ್ಚಯಿಸಿ ಬೀದಿಯ ಕಡೆಯ ಕಿಟಕಿಯಲ್ಲಿ ಕುಳಿತಿದ್ದರು. ಜೂನ್ ಕಳೆಯಿತು, ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಕೆಲಸ ನಿಂತುನಿಂತು ನಡೆಯುತ್ತಿತ್ತು. ಗುತ್ತಿಗೆದಾರರನ್ನು ಕೇಳಿದರೆ, “ನಾಳೆ ಜನ ಬರ್ತಾರೆ, ಮೇಷ್ಟ್ರೇ” ಎಂಬ ಉತ್ತರ. ಅವರು ಮರ್ಯಾದಸ್ಥರು, ಸಿಡುಕಿ ಮಾತಾಡಿದವರಲ್ಲ. ಸಿಡುಕುವವರೊಡನೆ ಜಗಳವಾಡಿಯಾದರೂ ನಿರ್ಣಯಕ್ಕೆ ಬರಬಹುದು. ನಯವಾಗಿ ‘ನಾಳೆ’ ಎನ್ನುವವರೊಡನೆ ಏನು ಮಾಡುವುದು?

೨೦೨೫ನೆಯ ಜನವರಿಯ ಕೊನೆಯಲ್ಲಿ ಒಂದು ರಾತ್ರಿ ಕುಳಿತು ಅವರಿಗೆ ನಾಲ್ಕು ಪುಟದ ಕಾಗದವನ್ನು ಬರೆದೆ. ವಚನಭಂಗ, ಅಪ್ರಾಮಾಣಿಕತೆ, ವೃದ್ಧರ ಶಾಪ ಮೊದಲಾದ ಶಬ್ದಗಳೆಲ್ಲ ಅದರಲ್ಲಿದ್ದವು. ಪಾಠಶಾಲೆಯಲ್ಲಿ ಕಲಿತ ಸಂಸ್ಕೃತವು ಕೋಪದ ಹೊತ್ತಿನಲ್ಲಿ ಬಹಳ ನೆರವಿಗೆ ಬರುತ್ತದೆ. ಬೆಳಗ್ಗೆ ಅದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಆಕೆ ಕೊನೆಯತನಕ ಕೇಳಿ, “ಎಲ್ಲಾ ಸರಿ. ಇದನ್ನು ಓದಿ ಅವರು ನಾಳೆ ಬೆಳಗ್ಗೆ ಏನು ಮಾಡಬೇಕೂಂತ ಇದರಲ್ಲಿ ಎಲ್ಲಿ ಬರೆದಿದ್ದೀರಿ?” ಎಂದರು. ಎಲ್ಲಿಯೂ ಬರೆದಿರಲಿಲ್ಲ. ಆ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಅದು ಈಗಲೂ ಅಲ್ಲಿಯೇ ಇದೆ.

ಎರಡನೆಯ ಕಾಗದವನ್ನು ಬರೆಯುವುದಕ್ಕೆ ಮುಂಚೆ ಒಂದು ಪುಸ್ತಕವನ್ನು ತೆರೆದೆ. ಉಪಾಧ್ಯಾಯ ವೃತ್ತಿಯ ಚಾಳಿಯಿಂದ ನಾನು ಕಟ್ಟಡದ ಕೆಲಸಕ್ಕೆ ಒಂದು ಹಾಜರಿ ಪುಸ್ತಕ ಇಟ್ಟಿದ್ದೆ. ದಿನಕ್ಕೆ ಎಷ್ಟು ಮಂದಿ ಗಾರೆಯವರು, ಎಷ್ಟು ಮಂದಿ ಆಳುಗಳು, ಯಾರೂ ಬಾರದಿದ್ದರೆ ಕಾರಣವೇನು ಎಂಬುದನ್ನು ಅದರಲ್ಲಿ ಒಂದೊಂದು ಸಾಲಿನಲ್ಲಿ ಗುರುತು ಹಾಕುತ್ತಿದ್ದೆ. ತಾರಸಿಯ ಸೆಂಟ್ರಿಂಗ್ ಬಿಚ್ಚಬಹುದಾಗಿದ್ದ ಜೂನ್ ೩ರಿಂದ ಫೆಬ್ರವರಿ ೨ರ ವರೆಗೆ ಭಾನುವಾರಗಳನ್ನು ಕಳೆದು ೨೧೦ ದಿನಗಳಾಗಿದ್ದವು. ಅವುಗಳಲ್ಲಿ ಕೆಲಸ ನಡೆದದ್ದು ೬೯ ದಿನ. ನಿಂತದ್ದು ೧೪೧ ದಿನ. ಇದನ್ನು ನೋಡಿ ಕೋಪ ಮತ್ತೆ ಹೆಡೆಯೆತ್ತಿತು. ಆದರೆ ಆ ೧೪೧ನ್ನು ಕಾರಣಾನುಸಾರವಾಗಿ ವಿಂಗಡಿಸಿದಾಗ ಬೇರೊಂದು ಚಿತ್ರ ಕಂಡಿತು.

ಮಳೆ ನಿಜವಾಗಿಯೂ ತಡೆದದ್ದು ೨೨ ದಿನ. ಮಳೆಯ ಹೆಸರಿನಲ್ಲಿ, ಒಳಗಿನ ಕೆಲಸ ನಡೆಯಬಹುದಾಗಿದ್ದರೂ ಜನ ಬಾರದೆ ಹೋದದ್ದು ೪೭ ದಿನ. ದಸರೆಯ ಬಳಿಕ ಅವರು ಮತ್ತೊಂದು ಕಟ್ಟಡಕ್ಕೆ ಜನವನ್ನು ಒಯ್ದದ್ದರಿಂದ ಹೋದದ್ದು ೩೪ ದಿನ. ಗೋಡೆಗೆ ಗಾರೆ ಬಳಿದಾದ ಮೇಲೆ ವಿದ್ಯುತ್ತಿನವನು ಬಂದು ಅದನ್ನೇ ಕೊರೆದು, ಪುನಃ ಗಾರೆ ಹಚ್ಚಿಸಿದ್ದರಿಂದ ೯ ದಿನ. ಉಳಿದ ೨೯ ದಿನಗಳ ಎದುರಿಗೆ ನನ್ನ ಕೈಬರಹದಲ್ಲಿಯೇ ‘ನಮ್ಮಿಂದ’ ಎಂದು ಬರೆದಿತ್ತು. ತಾರಸಿಯ ಕಂತನ್ನು ಒಂಬತ್ತು ದಿನ ತಡಮಾಡಿ ಕೊಟ್ಟಿದ್ದೆ. ಅಡಿಗೆಮನೆಯ ಕಿಟಕಿಯನ್ನು ಗೋಡೆ ಎದ್ದ ಮೇಲೆ ಸರಿಸಲು ಹೇಳಿ ಎಂಟು ದಿನ ಹಿಡಿಸಿದ್ದೆ. ಬಚ್ಚಲಿನಲ್ಲಿ ನಲ್ಲಿ ಎಲ್ಲಿ, ಬೇಸಿನ್ ಎಲ್ಲಿ ಎಂಬುದನ್ನು ನಿರ್ಧರಿಸಲು ಮನೆಯವರೆಲ್ಲ ಹನ್ನೆರಡು ದಿನ ಚರ್ಚಿಸಿದ್ದೆವು. ಅಷ್ಟು ದಿನವೂ ಕೊಳಾಯಿಯವನು ಪೈಪಿಗಾಗಿ ಗೋಡೆ ಕೊರೆಯುವಂತಿರಲಿಲ್ಲ. ನಾಲ್ಕು ಪುಟದ ಮೊದಲನೆಯ ಕಾಗದದಲ್ಲಿ ಈ ೨೯ ದಿನಗಳ ಸುದ್ದಿಯೇ ಇರಲಿಲ್ಲ.

ಇನ್ನೂ ಒಂದು ತಪ್ಪು ಒಪ್ಪಂದದಲ್ಲಿಯೇ ಇತ್ತು. ಅದಕ್ಕೆ ರುಜು ಹಾಕಿದವನು ನಾನೇ. ಕಂತುಗಳನ್ನು ಕೂಡಿಸಿದಾಗ ತಾರಸಿಯ ಹೊತ್ತಿಗೆ ನೂರಕ್ಕೆ ಎಪ್ಪತ್ತು, ಎಂದರೆ ೧೪,೭೦,೦೦೦ ರೂಪಾಯಿ ಅವರಿಗೆ ಸಂದಿತ್ತು. ಆ ವರೆಗಿನ ಕೆಲಸ ದೊಡ್ಡದು, ಆದರೆ ಸರಳ: ಕಲ್ಲು, ಇಟ್ಟಿಗೆ, ಕಬ್ಬಿಣ, ಕಾಂಕ್ರೀಟು, ಒಂದೇ ತಂಡದಿಂದ ಆಗತಕ್ಕದ್ದು. ಅನಂತರದ ಕೆಲಸ ಚೂರುಚೂರು: ಗಾರೆಯವನು, ವಿದ್ಯುತ್ತಿನವನು, ಕೊಳಾಯಿಯವನು, ಬಡಗಿ, ಟೈಲ್ಸಿನವನು, ಬಣ್ಣದವನು ಹೀಗೆ ಆರು ಬಗೆಯ ಜನ, ಒಬ್ಬರಿಗಾಗಿ ಒಬ್ಬರು ಕಾಯಬೇಕು. ಕಷ್ಟ ಹೆಚ್ಚಾಗುವ ಜಾಗದಲ್ಲಿ ಹಣ ಕಡಿಮೆಯಾಗುವಂತೆ ನಾವು ಒಪ್ಪಂದ ಮಾಡಿದ್ದೆವು. ಆ ಮೇಲೆ ನವೆಂಬರಿನಲ್ಲಿ ಗಾರೆಯ ಬಾಬ್ತು ಒಂದು ಲಕ್ಷವನ್ನು ಮುಂಗಡವಾಗಿಯೂ ಕೊಟ್ಟೆ. ಹೊಸ ಕಟ್ಟಡದ ತಳಪಾಯ ದೊಡ್ಡ ಕಂತನ್ನು ತರುವಾಗ ನನ್ನ ಬಚ್ಚಲಿನ ಟೈಲ್ಸಿಗೆ ಅವರು ಓಡಿ ಬರಬೇಕೆಂದರೆ ಹೇಗೆ?

ಕೆಲಸಗಳ ಕ್ರಮವನ್ನು ಬರೆಯಲು ಕುಳಿತಾಗ ಹುಡುಗನಾಗಿದ್ದಾಗ ಓದಿದ ತರ್ಕಸಂಗ್ರಹ ನೆನಪಿಗೆ ಬಂತು. ಪದಗಳು ಕೂಡಿ ವಾಕ್ಯವಾಗಿ ಅರ್ಥ ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅನ್ನಂಭಟ್ಟನು ಹೇಳುತ್ತಾನೆ. ಒಂದು ಪದ ಮತ್ತೊಂದನ್ನು ಅಪೇಕ್ಷಿಸಬೇಕು, ಎರಡೂ ಹೊಂದುವಂತಿರಬೇಕು, ಮತ್ತು ಅವು ವಿಳಂಬವಿಲ್ಲದೆ ಉಚ್ಚರಿತವಾಗಬೇಕು. ಹಸು ಎಂದು ಈಗ ಹೇಳಿ, ತರು ಎಂದು ಮೂರು ಗಂಟೆಯ ಮೇಲೆ ಹೇಳಿದರೆ ಯಾವನೂ ಹಸುವನ್ನು ತರುವುದಿಲ್ಲ. ನನ್ನ ಮನೆಯೂ ಹಾಗೆಯೇ ಆಗಿತ್ತು. ಗಾರೆಯು ಅದಕ್ಕೆ ಮುಂಚಿನ ಪೈಪನ್ನು ಅಪೇಕ್ಷಿಸುತ್ತದೆ, ಇದು ಆಕಾಂಕ್ಷೆ. ಹಸಿಗೋಡೆಗೆ ಬಣ್ಣ ಹೊಂದುವುದಿಲ್ಲ, ಇದು ಯೋಗ್ಯತೆ. ಜುಲೈಯಲ್ಲಿ ಒಂದು ಕೋಣೆ, ಡಿಸೆಂಬರಿನಲ್ಲಿ ಇನ್ನೊಂದು ಎಂದು ಗಾರೆ ಮಾಡಿದರೆ ಸನ್ನಿಧಿಯಿಲ್ಲ. ತಡದಲ್ಲಿ ಎರಡು ಜಾತಿ ಇವೆಯೆಂಬುದೂ ಇದರಿಂದ ಸ್ಪಷ್ಟವಾಯಿತು. ಗಾರೆ ಗಟ್ಟಿಯಾಗುವ ಕಾಲ, ಗೋಡೆ ಒಣಗುವ ಕಾಲ ಮೊದಲಾದವು ವಸ್ತುಧರ್ಮದ ತಡ. ಅವನ್ನು ಯಾರೂ ಕಡಿಮೆಮಾಡಬಾರದು. ಜನ ಬಾರದ ತಡ ಬೇರೆ. ಮೊದಲನೆಯದನ್ನು ಕತ್ತರಿಸಿ ಎರಡನೆಯದನ್ನು ಸರಿದೂಗಿಸಲು ಹೋಗುವುದರಿಂದಲೇ ಎಷ್ಟೋ ಮನೆಗಳ ಗಾರೆ ಬಿರುಕುಬಿಡುತ್ತದೆ, ಬಣ್ಣ ಉಬ್ಬುತ್ತದೆ.

ವಕೀಲನಾಗಿರುವ ಹಳೆಯ ಶಿಷ್ಯನೊಬ್ಬನನ್ನೂ ಕೇಳಿದೆ. ಅವನು ಹೇಳಿದ ಒಂದು ಮಾತು ಎಲ್ಲ ಗೃಹಸ್ಥರಿಗೂ ತಿಳಿದಿರಬೇಕಾದದ್ದು. ೧೮೭೨ನೆಯ ಕರಾರು ಕಾಯಿದೆಯ ೫೫ನೆಯ ಪ್ರಕರಣದಲ್ಲಿ ಹೀಗೆ ಇದೆಯಂತೆ: ಕಾಲವೇ ಪ್ರಧಾನವಾದ ಕರಾರಿನಲ್ಲಿ ಅವಧಿ ಮೀರಿದಾಗ, ಬೇರೊಂದು ದಿನಕ್ಕೆ ಆಗಲೆಂದು ಒಪ್ಪಿಕೊಂಡವನು ಹಾಗೆ ಒಪ್ಪುವ ಸಮಯದಲ್ಲಿಯೇ ತನ್ನ ನಷ್ಟವನ್ನು ಕೇಳುವೆನೆಂದು ತಿಳಿಸದಿದ್ದರೆ ಆಮೇಲೆ ಅದನ್ನು ಕೇಳುವಂತಿಲ್ಲ. “ಕಟ್ಟಡದ ಕರಾರಿನಲ್ಲಿ ಕಾಲ ಪ್ರಧಾನವೆಂದು ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ, ಸಾರ್. ಆದ್ದರಿಂದ ಹೊಸ ದಿನ ಯಾವುದು, ಅದು ಮೀರಿದರೆ ಏನು ಎಂಬುದನ್ನು ಬರೆದು ಇಬ್ಬರೂ ರುಜು ಹಾಕಿ. ಸುಮ್ಮನೆ ಕಾಯುವುದು ಸೌಜನ್ಯವಲ್ಲ, ಹಕ್ಕನ್ನು ಬಿಟ್ಟಂತೆ” ಎಂದನು. ಹೀಗೆ ಸಿದ್ಧವಾದ ಎರಡನೆಯ ಕಾಗದ ಇದು. ಹೆಸರನ್ನು ಮಾತ್ರ ಬಿಟ್ಟು, ಇದ್ದಂತೆಯೇ ಕೊಡುತ್ತೇನೆ.

೨೦೨೫ನೆಯ ಫೆಬ್ರವರಿ ೨, ಭಾನುವಾರ

ಶ್ರೀಯುತರಾದ ಗುತ್ತಿಗೆದಾರರಿಗೆ ಅನೇಕ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ನಮ್ಮ ಒಪ್ಪಂದದಂತೆ ಕಳೆದ ಅಕ್ಟೋಬರ್ ೩೧ಕ್ಕೆ ಮನೆ ಮುಗಿಯಬೇಕಾಗಿತ್ತು. ಇಂದಿಗೆ ೯೪ ದಿನಗಳು ಮೀರಿವೆ. ಜೂನ್ ೩ರಿಂದ ಕೆಲಸ ನಿಂತ ದಿನಗಳ ಪಟ್ಟಿಯನ್ನು ಕಾರಣಸಹಿತವಾಗಿ ಇದರೊಡನೆ ಇಟ್ಟಿದ್ದೇನೆ. ಅದರಲ್ಲಿ ೨೯ ದಿನಗಳು ನನ್ನಿಂದ ಆದವೆಂದು ನಾನೇ ಬರೆದಿದ್ದೇನೆ. ೨೨ ದಿನಗಳು ಮಳೆಯಿಂದ. ಮಿಕ್ಕ ೯೦ ದಿನಗಳಿಗೆ ತಾವು ಹೊಣೆಯೆಂಬುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ತಪ್ಪು ಕಂಡರೆ ತಿದ್ದಿಕೊಡಬೇಕು.

ಈಗ ಉಳಿದಿರುವ ಕೆಲಸ ಇಷ್ಟು: ಎರಡು ಬಚ್ಚಲುಗಳ ಬಾಗಿಲಿನ ಚೌಕಟ್ಟು, ಗೋಡೆಯೊಳಗಿನ ವಿದ್ಯುತ್ ಮತ್ತು ನೀರಿನ ಪೈಪು, ಹಜಾರ, ಅಡಿಗೆಮನೆ, ದೇವರಮನೆ, ಬಚ್ಚಲುಗಳ ಒಳಗಾರೆ, ಹೊರಗಾರೆ ಪೂರ್ತಿ, ತಾರಸಿಗೆ ನೀರು ಇಳಿಯದಂತೆ ಲೇಪ, ನೆಲ, ಬಾಗಿಲು, ಕಿಟಕಿ, ಬಣ್ಣ. ನಮ್ಮ ಊರಿನಲ್ಲಿ ಜೂನ್ ಮೊದಲಿಗೆ ಮಳೆ ಹಿಡಿದರೆ ಹೊರಗಾರೆಗೆ ಸಾರ್ವೆ ಕಟ್ಟುವುದು ಅಕ್ಟೋಬರಿನ ತನಕ ಆಗದು. ಗಾರೆಯಿಲ್ಲದ ಗೋಡೆ ನಾಲ್ಕು ತಿಂಗಳು ನೀರು ಕುಡಿದರೆ ಒಳಗಿನ ಬಣ್ಣವೂ ಆಗದು. ಎಂದರೆ ಈ ಮೇ ತಿಂಗಳು ತಪ್ಪಿದರೆ ಒಂದು ವಾರವಲ್ಲ, ಒಂದು ವರ್ಷ ತಪ್ಪುತ್ತದೆ. ಆದ್ದರಿಂದ ಕೆಳಗಿನ ಕ್ರಮವನ್ನು ತಮ್ಮ ವಿಚಾರಣೆಗಾಗಿ ಇಡುತ್ತಿದ್ದೇನೆ.

ಮೊದಲನೆಯದಾಗಿ, ಫೆಬ್ರವರಿ ೧೦ರಿಂದ ೨೨ರ ವರೆಗೆ ಚೌಕಟ್ಟುಗಳನ್ನು ನಿಲ್ಲಿಸಿ ಗೋಡೆ ಕೊರೆದು ಎಲ್ಲ ಪೈಪುಗಳನ್ನೂ ಕೂರಿಸಬೇಕು. ನೀರಿನ ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಮುಳ್ಳು ಇಳಿದಿರಬಾರದು. ಇದಾಗದೆ ಯಾವ ಗೋಡೆಗೂ ಗಾರೆ ಕೂಡದು. ನಲ್ಲಿ, ಬೇಸಿನ್, ವಿದ್ಯುತ್ ಗುಂಡಿಗಳ ಸ್ಥಾನವನ್ನು ನಾವು ಗೋಡೆಯ ಮೇಲೆ ಸೀಮೆಸುಣ್ಣದಿಂದ ಇಂದೇ ಗುರುತು ಮಾಡಿದ್ದೇವೆ. ಇನ್ನು ಬದಲಾಯಿಸುವುದಿಲ್ಲ, ಬದಲಾಯಿಸಿದರೆ ಆ ದಿನಗಳನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ.

ಎರಡನೆಯದಾಗಿ, ಫೆಬ್ರವರಿ ೨೪ರಿಂದ ಮಾರ್ಚ್ ೧೫ರ ವರೆಗೆ ಒಳಗಾರೆ. ಮೊದಲು ಸೂರು, ಬಳಿಕ ಗೋಡೆ. ಪ್ರತಿಯೊಂದು ಗೋಡೆಗೂ ಏಳು ದಿನ ನೀರುಣಿಸಬೇಕು. ನೀರು ಹಾಕುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ. ಬೆಳಗ್ಗೆ ಸಂಜೆ ಹೇಗೂ ಬರುವವನು.

ಮೂರನೆಯದಾಗಿ, ಹೊರಗಾರೆಗೆ ಬೇರೆಯ ತಂಡ ಬೇಕು. ಒಳಗಿನದು ಮುಗಿಯಲೆಂದು ಇದು ಕಾಯಬೇಕಾಗಿಲ್ಲ. ಮಾರ್ಚ್ ೩ರಿಂದ ಏಪ್ರಿಲ್ ೫ರ ವರೆಗೆ, ಮೇಲಿನಿಂದ ಕೆಳಕ್ಕೆ: ಮೊದಲು ಪ್ಯಾರಾಪೆಟ್ ಗೋಡೆ, ಆಮೇಲೆ ನಾಲ್ಕು ಮುಖಗಳು. ಯುಗಾದಿ ಮಾರ್ಚ್ ೩೦ಕ್ಕೆ ಬರುವುದರಿಂದ ನಾಲ್ಕು ದಿನ ಜನ ಊರಿಗೆ ಹೋಗುವರೆಂದು ಎಣಿಸಿಯೇ ಈ ದಿನಗಳನ್ನು ಹಾಕಿದ್ದೇನೆ. ಏಪ್ರಿಲ್ ಮುಗಿಯುವುದರೊಳಗೆ ತಾರಸಿಯ ಲೇಪವೂ ಆಗಿ, ಎರಡು ದಿನ ಅದರ ಮೇಲೆ ನೀರು ನಿಲ್ಲಿಸಿ ಪರೀಕ್ಷೆಯಾಗಬೇಕು.

ನಾಲ್ಕನೆಯದಾಗಿ, ಮಾರ್ಚ್ ೨೪ರಿಂದ ಏಪ್ರಿಲ್ ೧೯ರ ವರೆಗೆ ನೆಲ. ಬಚ್ಚಲುಗಳಿಗೆ ಮೊದಲು ಲೇಪ ಹಚ್ಚಿ, ಮೋರಿಯ ಬಾಯಿ ಮುಚ್ಚಿ ೪೮ ಗಂಟೆ ನೀರು ನಿಲ್ಲಿಸಿ, ಗೋಡೆಯ ಹೊರಮೈ ಒದ್ದೆಯಾಗದಿದ್ದರೆ ಮಾತ್ರ ಟೈಲ್ಸು. ಟೈಲ್ಸನ್ನು ಫೆಬ್ರವರಿ ೨೮ರೊಳಗೆ ನಾವು ಆರಿಸಿ ತಿಳಿಸುತ್ತೇವೆ.

ಐದನೆಯದಾಗಿ, ಏಪ್ರಿಲ್ ೨೧ರಿಂದ ಮೇ ೩ರ ವರೆಗೆ ಬಾಗಿಲು, ಕಿಟಕಿ, ತಂತಿ, ದೀಪ, ನಲ್ಲಿಗಳು. ಬಾಗಿಲನ್ನು ನೆಲ ಆಗುವ ಮುಂಚೆ ಕೂರಿಸಿದರೆ ತಳವನ್ನು ಪುನಃ ಕೊಯ್ಯಬೇಕಾಗುತ್ತದೆ. ಒಳಗೋಡೆ ನೀರು ನಿಂತ ಮೇಲೆ ನಾಲ್ಕು ವಾರವಾದರೂ ಒಣಗಲಿ. ಬಣ್ಣ ಏಪ್ರಿಲ್ ೨೮ಕ್ಕೆ ಆರಂಭವಾಗಿ ಮೇ ೧೭ಕ್ಕೆ ಮುಗಿಯಲಿ. ಮೇ ೧೮ರಂದು ಬೀಗದ ಕೈ. ಆಮೇಲಿನ ಒಂದು ವಾರವನ್ನು ಅನಿರೀಕ್ಷಿತಕ್ಕೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಮುಂಚಿತವಾಗಿ ಖರ್ಚುಮಾಡಬೇಡಿ.

ಹಣದ ವಿಷಯ. ಈವರೆಗೆ ೧೫,೭೦,೦೦೦ ರೂಪಾಯಿ ಸಂದಿದೆ, ೫,೩೦,೦೦೦ ಉಳಿದಿದೆ. ಹಿಂದಿನ ದೊಡ್ಡ ಕಂತುಗಳ ಬದಲು ಅದನ್ನು ಸಣ್ಣದಾಗಿ ಒಡೆಯೋಣ. ಪೈಪಿನ ಪರೀಕ್ಷೆಯೂ ಒಳಗಾರೆಯೂ ಮುಗಿದಾಗ ೧,೦೦,೦೦೦. ಹೊರಗಾರೆ ಮತ್ತು ತಾರಸಿಗೆ ೧,೪೦,೦೦೦. ಬಚ್ಚಲು ಮತ್ತು ನೆಲಕ್ಕೆ ೧,೩೦,೦೦೦. ಬಾಗಿಲು, ತಂತಿಗಳಿಗೆ ೮೦,೦೦೦. ಬಣ್ಣ ಮುಗಿದು ಬೀಗದ ಕೈ ಬಂದ ದಿನ ೫೫,೦೦೦. ಮಿಕ್ಕ ೨೫,೦೦೦ವನ್ನು ಒಂದು ಮಳೆಗಾಲ ಕಳೆದು, ಎಲ್ಲಿಯೂ ನೀರು ಸೋರದೆ ಇದ್ದರೆ, ಸೆಪ್ಟೆಂಬರ್ ೩೦ರಂದು. ಕೆಲಸ ಮುಗಿದುದನ್ನು ಇಬ್ಬರೂ ನೋಡಿದ ಮಾರನೆಯ ದಿನ ಹಣ ಕೊಡುತ್ತೇನೆ. ನಾನು ತಡಮಾಡಿದ ದಿನಗಳನ್ನು ತಮ್ಮ ಅವಧಿಗೆ ಸೇರಿಸಿಕೊಳ್ಳಬಹುದು.

ನವೆಂಬರಿನಿಂದ ಇಂದಿನವರೆಗೆ ನಾನು ಹೆಚ್ಚಾಗಿ ತೆತ್ತ ಮೂರು ತಿಂಗಳ ಬಾಡಿಗೆ ೨೭,೦೦೦ ರೂಪಾಯಿ. ತಪ್ಪಿನಲ್ಲಿ ನನ್ನ ಪಾಲೂ ಇರುವುದರಿಂದ ಅದನ್ನು ಕೇಳುವುದಿಲ್ಲ. ಆದರೆ ಮೇ ೧೮ರ ವರೆಗೆ ಅವಧಿಯನ್ನು ಬೆಳೆಸಲು ಒಪ್ಪುವಾಗಲೇ ಇದನ್ನೂ ತಿಳಿಸುತ್ತಿದ್ದೇನೆ: ಆ ದಿನ ಮೀರಿದರೆ ವಾರಕ್ಕೆ ಬಾಡಿಗೆಯ ಬಾಬ್ತು ೨,೨೫೦ ರೂಪಾಯಿಗಳನ್ನು ಕೊನೆಯ ಕಂತಿನಲ್ಲಿ ಹಿಡಿಯುತ್ತೇನೆ.

ಈ ದಿನಗಳನ್ನು ಹಾಕಿದವನು ನಾನು. ಕೆಲಸ ಬಲ್ಲವರು ತಾವು. ಆಗದ ದಿನಕ್ಕೆ ‘ಆಗಲಿ’ ಎನ್ನಬೇಡಿ. ಆಗುವ ದಿನವನ್ನು ತಮ್ಮ ಕೈಯಿಂದ ಬರೆಯಿರಿ. ಎರಡು ಪ್ರತಿಗಳನ್ನು ತಂದಿದ್ದೇನೆ. ತಿದ್ದಿದ ಬಳಿಕ ಇಬ್ಬರೂ ರುಜು ಹಾಕೋಣ. ಇತಿ ನಮಸ್ಕಾರಗಳು.

ಕಾಗದವನ್ನು ಅಂಚೆಗೆ ಹಾಕದೆ ಕೈಯಲ್ಲಿ ಹಿಡಿದು ಅವರ ಮನೆಗೇ ಹೋದೆ. ಅವರು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಓದಿದರು. ೨೯ ದಿನಗಳ ಮಾತು ಬಂದಲ್ಲಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು. ಓದಿ ಮುಗಿಸಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೇಷ್ಟ್ರೇ, ದಸರೆ ಆದ ಮೇಲೆ ನಾನು ಜನ ಕರಕೊಂಡು ಹೋದದ್ದು ನಿಜ. ಆ ಮನೆಯವರು ತಳಪಾಯದ ಹಣ ಇವತ್ತಿನವರೆಗೂ ಕೊಟ್ಟಿಲ್ಲ. ನೀವು ಕೊಟ್ಟ ಒಂದು ಲಕ್ಷ ಅಲ್ಲಿನ ಕೂಲಿಗೆ ಹೋಯಿತು. ಹೇಳೋದಕ್ಕೆ ಮುಖ ಇರಲಿಲ್ಲ, ನಾಳೆ ನಾಳೆ ಅಂದೆ” ಎಂದರು. ಎಂಟು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲನೆಯ ನಿಜವಾದ ಕಾರಣ ಅದು. ಮೊದಲನೆಯ ಕಾಗದವನ್ನು ಒಯ್ದಿದ್ದರೆ ಅದು ಬರುತ್ತಿತ್ತೆಂದು ನನಗೆ ತೋರುವುದಿಲ್ಲ.

ಆ ಬಳಿಕ ಪೆನ್ಸಿಲು ತೆಗೆದುಕೊಂಡರು. ಹೊರಗಾರೆಗೆ ಎರಡನೆಯ ತಂಡ ಮಾರ್ಚ್ ೧೦ಕ್ಕೆ ಮುಂಚೆ ಸಿಗದೆಂದು ಆ ಸಾಲನ್ನು ಮಾರ್ಚ್ ೧೦ರಿಂದ ಏಪ್ರಿಲ್ ೧೨ ಎಂದು ತಿದ್ದಿದರು. ಕೈಯಲ್ಲಿ ಹಣವಿಲ್ಲದೆ ಸಿಮೆಂಟು ತರುವುದು ಹೇಗೆ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಕೆಲಸ ಮುಗಿದ ಮೇಲೆ ಹಣವೆಂದರೆ ಸಾಮಾನಿನ ಭಾರವೆಲ್ಲ ಅವರ ಮೇಲೆ ಬೀಳುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಕೊನೆಗೆ, ಆಯಾ ಹಂತದ ಸಿಮೆಂಟು, ಎಂ ಸ್ಯಾಂಡ್ ಮತ್ತು ಟೈಲ್ಸಿನ ಹಣವನ್ನು ನಾನೇ ಅಂಗಡಿಗೆ ನೇರವಾಗಿ ಕೊಟ್ಟು ರಸೀದಿಯನ್ನು ಆ ಹಂತದ ಕಂತಿನಲ್ಲಿ ಕಳೆಯುವುದೆಂದು ನಿಶ್ಚಯವಾಯಿತು. ಇದರಿಂದ ನನ್ನ ಹಣ ನನ್ನ ಮನೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ಅವರಿಗೂ ಸಾಲ ಮಾಡುವುದು ತಪ್ಪಿತು. ಪ್ರತಿ ಶನಿವಾರ ಸಂಜೆ ಕಟ್ಟಡದಲ್ಲಿ ಕಾಲು ಗಂಟೆ ಸೇರಿ ಪಟ್ಟಿಯನ್ನು ನೋಡುವುದೆಂದೂ ಅವರೇ ಸೂಚಿಸಿ ಕೆಳಗೆ ಬರೆದರು. ಇಬ್ಬರೂ ರುಜು ಹಾಕಿದೆವು.

ಎಲ್ಲವೂ ಪಟ್ಟಿಯಂತೆ ನಡೆಯಿತೆಂದು ಹೇಳಿದರೆ ಯಾವ ವಾಚಕರೂ ನಂಬಲಾರರು. ಹೊರಗಾರೆ ಏಪ್ರಿಲ್ ೧೬ಕ್ಕೆ, ನಾಲ್ಕು ದಿನ ತಡವಾಗಿ ಮುಗಿಯಿತು. ಒಂದು ಬಚ್ಚಲಿನಲ್ಲಿ ನೀರು ನಿಲ್ಲಿಸಿದ ಮಾರನೆಯ ದಿನ ಹೊರಗೋಡೆಯ ಬುಡದಲ್ಲಿ ಒದ್ದೆ ಕಾಣಿಸಿತು. ಪೈಪು ನೆಲಕ್ಕೆ ಇಳಿಯುವ ಮೂಲೆಯಲ್ಲಿ ಲೇಪ ಬಿಟ್ಟುಹೋಗಿತ್ತು. ಅದನ್ನು ಸರಿಪಡಿಸಿ ಮತ್ತೆ ನೀರು ನಿಲ್ಲಿಸಲು ಐದು ದಿನ ಹಿಡಿಯಿತು. ಟೈಲ್ಸು ಹಾಕಿದ ಮೇಲೆ ಇದು ತಿಳಿದಿದ್ದರೆ ಎಲ್ಲವನ್ನೂ ಕಿತ್ತೇ ನೋಡಬೇಕಾಗುತ್ತಿತ್ತು.

ಬಣ್ಣದ ವಿಷಯದಲ್ಲಿ ಮಾತ್ರ ನಾನೇ ಅವಸರಪಡುವವನಾದೆ. ಮೇ ತಿಂಗಳ ಎರಡನೆಯ ವಾರದಲ್ಲಿ ದೇವರಮನೆಯ ಗೋಡೆ ಕಣ್ಣಿಗೆ ಒಣಗಿದಂತೆಯೇ ಕಂಡಿತು. ಗುತ್ತಿಗೆದಾರರು ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಂದು ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗೋಡೆಗೆ ಒತ್ತಿ, “ನಾಳೆ ನೋಡೋಣ, ಮೇಷ್ಟ್ರೇ” ಎಂದರು. ಮಾರನೆಯ ದಿನ ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಗಳು ಕೂಡಿದ್ದವು. ಗೋಡೆಯೊಳಗೆ ಇನ್ನೂ ನೀರಿತ್ತು. ಅದರ ಮೇಲೆ ಪುಟ್ಟಿ, ಬಣ್ಣ ಬಳಿದಿದ್ದರೆ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದುಬರುತ್ತಿತ್ತು. ಆ ಕೋಣೆಯನ್ನು ಕೊನೆಗೆ ಇಟ್ಟುಕೊಂಡರು. ಅವರು ಎಷ್ಟೋ ಸಲ ಹೇಳಿದ್ದ ‘ನಾಳೆ’ಗಳಲ್ಲಿ ನಾನು ಕೃತಜ್ಞತೆಯಿಂದ ನೆನೆಯುವುದು ಆ ಒಂದನ್ನು.

ಬೀಗದ ಕೈ ಬಂದದ್ದು ಮೇ ೨೮ರಂದು, ಹತ್ತು ದಿನ ತಡವಾಗಿ. ಆ ವರ್ಷ ಮುಂಗಾರು ರೂಢಿಯ ಜೂನ್ ೧ಕ್ಕೆ ಕಾಯದೆ ಮೇ ೨೪ಕ್ಕೇ ಕೇರಳದ ಕರೆಗೆ ಬಂತು. ನಮ್ಮ ಊರಿನಲ್ಲಿ ಕೊನೆಯ ಕೋಣೆಗೆ ಬಣ್ಣ ಬಳಿಯುತ್ತಿದ್ದಾಗ ಹೊರಗೆ ಜಡಿಮಳೆ. ಹೊರಗಾರೆಯೂ ತಾರಸಿಯ ಲೇಪವೂ ಆಗಿದ್ದರಿಂದ ಒಳಗೆ ಹನಿಯೂ ಇಳಿಯಲಿಲ್ಲ. ಹೊರಗಿನ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದರೆ ಆ ವರ್ಷವೂ ಹೋಗುತ್ತಿತ್ತು.

ಹತ್ತು ದಿನಗಳಿಗೆ ಏನು ಹಿಡಿಯುವುದೆಂಬ ಪ್ರಶ್ನೆ ಬಂದಾಗ ಗುತ್ತಿಗೆದಾರರು ತಾವಾಗಿಯೇ ಪ್ರತಿಯನ್ನು ತೆಗೆದು ಮುಂದಿಟ್ಟರು. ಒಂದು ವಾರದ ೨,೨೫೦ ರೂಪಾಯಿಗಳನ್ನು ಹಿಡಿದೆ. ಮಿಕ್ಕ ಮೂರು ದಿನಗಳನ್ನು, ಪರೀಕ್ಷೆಯಲ್ಲಿ ಕೃಪಾಂಕ ಕೊಡುವಂತೆ, ಬಿಟ್ಟೆ. ಅವರು ನಕ್ಕರು. ಸೆಪ್ಟೆಂಬರಿನಲ್ಲಿ ಪ್ಯಾರಾಪೆಟ್ಟಿನ ಒಂದು ಕೂದಲೆಳೆಯ ಬಿರುಕನ್ನು ತುಂಬಿಸಿದ ಮೇಲೆ ೨೫,೦೦೦ವೂ ಸಂದಿತು.

ಜೂನ್ ಮೊದಲ ವಾರದಲ್ಲಿ ಗೃಹಪ್ರವೇಶ ಮಾಡಿದೆವು. ಅಮ್ಮನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಹದಿನೆಂಟು ಮೆಟ್ಟಿಲುಗಳನ್ನು ಇಳಿಸಿದವರು ನಾಲ್ವರು. ಅವರಲ್ಲಿ ಇಬ್ಬರು ನಮ್ಮ ಮನೆಗೆ ಗಾರೆ ಮಾಡಿದ ಹುಡುಗರು. ಹೊಸಮನೆಯ ಹಜಾರದಲ್ಲಿ ಅಮ್ಮ ಗೋಡೆಯ ಮೇಲೆ ಕೈಯಾಡಿಸಿ, “ಒಣಗಿದೆಯೇನೋ?” ಎಂದು ಕೇಳಿದರು. ಒಣಗಿದೆಯಮ್ಮ ಎಂದೆ. ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ ಅಂದಿನ ತಾರೀಖನ್ನು ಹಾಕಿ, ಎದುರಿಗೆ ‘ಎಲ್ಲರೂ ಹಾಜರು’ ಎಂದು ಬರೆದು ಮುಚ್ಚಿದೆ.